ಮಗಳ ಎಂಜಿನಿಯರಿಂಗ್‌ಗಾಗಿ ಪಿಎಫ್ ಹಣ ತೆಗೆಯಬಹುದೇ?

ಪ್ರಶ್ನೆ: ನನಗೆ 46 ವರ್ಷ, ಖಾಸಗಿ ಕಂಪನಿಯಲ್ಲಿದ್ದೇನೆ. ಮಗಳು ಈಗಷ್ಟೇ ಒಂಬತ್ತನೇ ತರಗತಿಗೆ ಸೇರಿದ್ದಾಳೆ. ಅವಳ ಎಂಜಿನಿಯರಿಂಗ್‌ಗೆ ಹಾಸ್ಟೆಲ್ ಸೇರಿ 15 ಲಕ್ಷ ರೂಪಾಯಿ ಬೇಕಾಗಬಹುದು. ತಿಂಗಳಿಗೆ 20,000 ರೂಪಾಯಿ ಉಳಿಯುತ್ತದೆ. ಆಗ ಪಿಎಫ್‌ನಿಂದ 6 ಲಕ್ಷ ತೆಗೆದರೆ ತಪ್ಪೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಕ್ಕಳ ಓದಿಗೆ ಪಿಎಫ್ ತೆಗೆಯಲು ನಿಯಮದಲ್ಲಿ ಅವಕಾಶವಿದೆ; ಆದರೂ ದಯವಿಟ್ಟು ಅದನ್ನು ಮುಟ್ಟಬೇಡಿ. ನಿಮ್ಮ 50ನೇ ವಯಸ್ಸಿನಲ್ಲಿ ತೆಗೆಯುವ ಆ 6 ಲಕ್ಷ, ಶೇ 8ರ ಬಡ್ಡಿಯಲ್ಲಿ ಅಲ್ಲಿಯೇ ಉಳಿದರೆ 60ರ ಹೊತ್ತಿಗೆ ಸುಮಾರು 13 ಲಕ್ಷವಾಗುತ್ತದೆ. ಓದಿಗೆ ಬ್ಯಾಂಕ್ ಸಾಲ ಕೊಡುತ್ತದೆ, ನಿವೃತ್ತಿಯ ನಂತರದ ಮನೆಖರ್ಚಿಗೆ ಯಾರೂ ಸಾಲ ಕೊಡುವುದಿಲ್ಲ.

ನಿಮ್ಮ 20,000ದಲ್ಲಿ 12,000 ನಿವೃತ್ತಿಗೆ ಮೀಸಲಿರಲಿ, 8,000 ಮಗಳ ಹೆಸರಿಗಿರಲಿ. ಕಾಲೇಜಿಗೆ ನಾಲ್ಕೇ ವರ್ಷ ಉಳಿದಿರುವುದರಿಂದ ಈ 8,000ವನ್ನು ಷೇರುಪೇಟೆಗೆ ಒಯ್ಯದೆ ಆರ್‌ಡಿಯಲ್ಲಿಡಿ; ಶೇ 6.5ರ ಬಡ್ಡಿ ಸಿಕ್ಕರೆ ಪ್ರವೇಶದ ವೇಳೆಗೆ 4.4 ಲಕ್ಷದಷ್ಟಾಗುತ್ತದೆ. ಶುಲ್ಕವನ್ನು ವರ್ಷ ವರ್ಷ ಕಟ್ಟುವುದರಿಂದ, ಓದಿನ ನಾಲ್ಕು ವರ್ಷವೂ ಅದೇ 8,000 ಮುಂದುವರಿಸಿದರೆ ಇನ್ನೂ 3.8 ಲಕ್ಷ ಸೇರುತ್ತದೆ. ಇದರಿಂದ ಹಾಸ್ಟೆಲ್, ಊಟ, ಪುಸ್ತಕಗಳ ಖರ್ಚನ್ನು ನೋಡಿಕೊಳ್ಳಿ.

ಬೋಧನಾ ಶುಲ್ಕಕ್ಕೆ 7.5 ಲಕ್ಷದವರೆಗೆ ಶಿಕ್ಷಣ ಸಾಲ ಪಡೆಯಿರಿ. ಕೇಂದ್ರದ ಸಾಲ ಖಾತರಿ ಯೋಜನೆ ಇರುವುದರಿಂದ ಈ ಮಿತಿಯೊಳಗಿನ ಸಾಲಕ್ಕೆ ಸಾಮಾನ್ಯವಾಗಿ ಮನೆ, ಜಮೀನು ಅಡವಿಡಬೇಕಾಗಿಲ್ಲ. ಕಂತು ಆರಂಭವಾಗುವುದು ಸಾಮಾನ್ಯವಾಗಿ ಓದು ಮುಗಿದ ಒಂದು ವರ್ಷದ ಮೇಲೆ, ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ, ಬಹಳ ಮಂದಿ ಎಡವುವುದು ಇಲ್ಲಿಯೇ. ಶೇ 10ರ ಬಡ್ಡಿಯಲ್ಲಿ ನಾಲ್ಕು ವರ್ಷ ಸಮನಾಗಿ ಸಾಲ ಎತ್ತಿ ಏನನ್ನೂ ಕಟ್ಟದಿದ್ದರೆ, ಸುಮಾರು 2.6 ಲಕ್ಷ ಬಡ್ಡಿ ಅಸಲಿಗೆ ಸೇರಿ, ಹತ್ತು ವರ್ಷದ ಕಂತು ತಿಂಗಳಿಗೆ 13,400 ಆಗುತ್ತದೆ. ಬಡ್ಡಿಯನ್ನು ಆಗಾಗಲೇ ತೀರಿಸಿದ್ದರೆ 9,900 ಸಾಕು. ಮೊದಲ ವರ್ಷದ ಬಡ್ಡಿ ತಿಂಗಳಿಗೆ 1,600ರಷ್ಟೇ ಇರುವುದರಿಂದ ಸಂಬಳ ಏರಿದಾಗಲೆಲ್ಲ ಅದಕ್ಕೊಂದು ಪಾಲು ತೆಗೆದಿಡಿ.

ಇನ್ನೊಂದು ಮಾತನ್ನು ಮರೆಮಾಚುವಂತಿಲ್ಲ. ಸಾಲಪತ್ರದಲ್ಲಿ ಮಗಳ ಜೊತೆ ನಿಮ್ಮ ಸಹಿಯೂ ಇರುತ್ತದೆ; ಆಕೆ ಕಟ್ಟದಿದ್ದರೆ ಬ್ಯಾಂಕ್ ನಿಮ್ಮನ್ನೇ ಕೇಳುತ್ತದೆ, ಮತ್ತು ಈ ಕಂತುಗಳು ನಿಮಗೆ 65 ಆಗುವವರೆಗೂ ನಡೆಯುತ್ತವೆ. ಆದ್ದರಿಂದ ಸಾಲವನ್ನು ಆಕೆಯ ಮೊದಲ ಸಂಬಳ ತಾಳುವಷ್ಟಕ್ಕೇ ನಿಲ್ಲಿಸಿ, ಕಂತು ಆಕೆಯ ಹೊಣೆಯೆಂದು ಪಿಯುಸಿಯಲ್ಲಿರುವಾಗಲೇ ಕುಳಿತು ಮಾತನಾಡಿ. ಸಿಇಟಿ ರ‍್ಯಾಂಕಿನ ಮೇಲೆ ಕೆಇಎ ಮೂಲಕ ಸೀಟು ಸಿಕ್ಕರೆ ಇಷ್ಟು ಸಾಲವೇ ಬೇಕಾಗದೆ ಹೋಗಬಹುದು. ಸಿಗದೆ ಮ್ಯಾನೇಜ್‌ಮೆಂಟ್ ಸೀಟಿನ ಮಾತು ಬಂದು ಲೆಕ್ಕ 15 ಲಕ್ಷ ದಾಟಿದರೆ, ಕಾಲೇಜನ್ನೋ ಕೋರ್ಸನ್ನೋ ಬದಲಿಸಿ, ನಿವೃತ್ತಿಯ 12,000ವನ್ನು ಕಡಿತ ಮಾಡಬೇಡಿ.