ಇಂಟರ್ನ್‌ಶಿಪ್ ಪ್ರಸ್ತಾವಕ್ಕೆ ಅಂಗಡಿ ಮಾಲೀಕರು ಹಿಂಜರಿದರೆ

"ಸೋಷಿಯಲ್ ಮೀಡಿಯಾ, ಗ್ರಾಹಕರ ದಾಖಲೆ ನೋಡ್ಕೊಳ್ತೀನಿ ಅಂತ ಸಣ್ಣ ಅಂಗಡಿಗೆ ಪ್ರಸ್ತಾವ ಕೊಟ್ಟೆ. 'ನೋಡೋಣ' ಅಂದು ಸುಮ್ಮನಾದರು. ಏನು ಬದಲಿಸಲಿ?"

ಗ್ರಾಹಕರ ನಂಬರುಗಳನ್ನು ಹೊರಗಿನವರ ಕೈಗೆ ಕೊಡುವ ಅಳುಕೇ ಬಹುಶಃ ಅಡ್ಡ ಬಂದಿದೆ. ಪ್ರಸ್ತಾವವನ್ನು ಒಂದೇ ಪುಟಕ್ಕೆ ಇಳಿಸಿ, ಅವಧಿ 4 ವಾರ ಎಂದು ಬರೆಯಿರಿ. ಮೊದಲಿಗೇ ಹೇಳಿಬಿಡಿ: ಗ್ರಾಹಕರ ದಾಖಲೆಯ ಶೀಟ್ ನಿಮ್ಮ ಖಾತೆಯಲ್ಲೇ ಇರುತ್ತದೆ, ಪಾಸ್‌ವರ್ಡ್ ಕೇಳುವುದಿಲ್ಲ, ಕೊನೆಯ ದಿನ ನನ್ನ ಅನುಮತಿ ತೆಗೆದುಬಿಡಿ.

ಆಮೇಲೆ ಕಾಲ್ಪನಿಕ ಹೆಸರುಗಳ 5 ಸಾಲಿನ ಮಾದರಿ ಶೀಟ್ ಲಗತ್ತಿಸಿ: ಹೆಸರು, ಫೋನ್, ಕೊನೆಯ ಖರೀದಿ, ಮೆಸೇಜಿಗೆ ಒಪ್ಪಿಗೆ. ಫೋನ್ ಕಾಲಂ ಅನ್ನು ತುಂಬುವ ಮೊದಲೇ ಟೆಕ್ಸ್ಟ್ ಫಾರ್ಮ್ಯಾಟ್‌ಗೆ ಬದಲಿಸಿ, ಇಲ್ಲದಿದ್ದರೆ ನಂಬರಿನ ಆರಂಭದ ಸೊನ್ನೆ ಹಾರಿಹೋಗುತ್ತದೆ. ಒಪ್ಪಿಗೆ ಖಾಲಿ ಇದ್ದವರಿಗೆ ಮೆಸೇಜ್ ಹೋಗುವುದಿಲ್ಲ ಎಂದೂ ಬರೆಯಿರಿ.

ಪೋಸ್ಟ್ ವಾರಕ್ಕೆ 2 ಸಾಕು, ಅದೂ ಮಾಲೀಕರು ನೋಡಿ ಒಪ್ಪಿದ ಮೇಲೆ.