ಕೀವು ನಿಂತ ಮೇಲೂ ಬೆಳಗಿನ ಆ ಒಂದು ಹನಿ ಏನು?

ಪ್ರಶ್ನೆ: ವಯಸ್ಸು 31. ಹೊರಗೆ ಹೋಗಿದ್ದಾಗ ಕಾಂಡೋಮ್ ಇಲ್ಲದೆ ಒಬ್ಬರ ಜೊತೆ ಸಂಪರ್ಕವಾಯಿತು. ನಾಲ್ಕನೇ ದಿನ ಶಿಶ್ನದಿಂದ ಹಳದಿ ಕೀವು, ಮೂತ್ರ ಮಾಡುವಾಗ ವಿಪರೀತ ಉರಿ. ಮೆಡಿಕಲ್ ಶಾಪ್‌ನವರು ಸೆಫಿಕ್ಸಿಮ್ 200 ಎರಡು ಮಾತ್ರೆ ಕೊಟ್ಟರು, ಮೂರು ದಿನದಲ್ಲಿ ಕೀವು ನಿಂತಿತು. ಆಮೇಲೆ ಹೆಂಡತಿಯ ಜೊತೆ ಒಮ್ಮೆ ಸೇರಿದ್ದೇನೆ. ಈಗ ಎರಡು ವಾರವಾಗಿದೆ, ಬೆಳಿಗ್ಗೆ ನೀರಿನಂಥ ಅಂಟು ಹನಿ ಬರುತ್ತಿದೆ. ಡಾಕ್ಟರ್ ಹೆಂಡತಿಗೂ ಔಷಧಿ ಬೇಕು ಅಂತಾರೆ. ಅವಳಿಗೆ ಏನೂ ತೊಂದರೆ ಇಲ್ಲವಲ್ಲ?

ಉತ್ತರ: ನೀವು ಹೇಳಿದ ದಿನಗಳ ಲೆಕ್ಕದಲ್ಲೇ ಅರ್ಧ ಉತ್ತರವಿದೆ. ಗೊನೊರಿಯಾ ಅವಸರದ ಕಾಯಿಲೆ. ಸಾಮಾನ್ಯವಾಗಿ ಎರಡರಿಂದ ಐದು ದಿನದೊಳಗೆ ದಪ್ಪ ಹಳದಿ ಅಥವಾ ಹಸಿರು ಕೀವು ಬರುತ್ತದೆ, ಚಡ್ಡಿಗೆ ಕಲೆಯಾಗುತ್ತದೆ, ಉರಿ ತಡೆಯಲಾಗುವುದಿಲ್ಲ. ಕ್ಲಮಿಡಿಯಾ ನಿಧಾನಿ. ಅದು ಒಂದರಿಂದ ಮೂರು ವಾರ ತೆಗೆದುಕೊಳ್ಳುತ್ತದೆ, ಸ್ರಾವ ತೆಳುವಾಗಿರುತ್ತದೆ, ಉರಿ ಕಡಿಮೆ. ಎಷ್ಟೋ ಸಲ ಬೆಳಿಗ್ಗೆ ಎದ್ದಾಗ ತುದಿ ಅಂಟಿಕೊಂಡಿರುವುದಷ್ಟೇ ಗುರುತು.

ಇವೆರಡೂ ಒಂದೇ ಸಂಪರ್ಕದಲ್ಲಿ ಜೊತೆಯಾಗಿ ಅಂಟುವುದು ಅಪರೂಪವೇನಲ್ಲ. ಸೆಫಿಕ್ಸಿಮ್ ಗೊನೊರಿಯಾ ರೋಗಾಣುವನ್ನು ಕೊಲ್ಲಬಲ್ಲದು, ಆದರೆ ಜೀವಕೋಶದ ಒಳಗೆ ಅಡಗಿ ಬೆಳೆಯುವ ಕ್ಲಮಿಡಿಯಾವನ್ನು ಅದು ನೆಚ್ಚುವಂತೆ ತೊಲಗಿಸುವುದಿಲ್ಲ. ಹಾಗಾಗಿ ಕೀವು ನಿಂತಿತು, ಹಿಂದಿದ್ದದ್ದು ತನ್ನ ಸಮಯಕ್ಕೆ ಕಾಣಿಸಿಕೊಂಡಿತು ಎಂಬುದೇ ನನ್ನ ಬಲವಾದ ಅನುಮಾನ. ಅನುಮಾನ ಎಂದೇ ಹೇಳುತ್ತೇನೆ, ಏಕೆಂದರೆ ಸೆಫಿಕ್ಸಿಮ್‌ಗೆ ಪೂರ್ತಿ ಬಗ್ಗದ ಗೊನೊರಿಯಾ ಕೂಡ ಹೀಗೆ ತೆಳುವಾಗಿ ಉಳಿಯಬಹುದು. ಸ್ರಾವದ ಬಣ್ಣ ನೋಡಿ ಖಚಿತವಾಗಿ ಹೇಳಲು ಯಾರಿಗೂ ಆಗದು.

ಅದಕ್ಕೇ ಪರೀಕ್ಷೆ. ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ: ಮೂತ್ರದ ಸೋಂಕು ಎಂದುಕೊಂಡು ನಡುಧಾರೆಯ ಮೂತ್ರವನ್ನು ಕಲ್ಚರ್‌ಗೆ ಕೊಡುತ್ತಾರೆ, ವರದಿ ನಾರ್ಮಲ್ ಎಂದು ಬರುತ್ತದೆ. ಈ ರೋಗಾಣುಗಳು ಮೂತ್ರನಾಳದ ಗೋಡೆಯಲ್ಲಿರುತ್ತವೆ. ಮೊದಲ ಧಾರೆ ಅವನ್ನು ತೊಳೆದುಕೊಂಡು ಹೋದ ಮೇಲೆ ಹಿಡಿದ ಮೂತ್ರದಲ್ಲಿ ಸಿಗುವುದೇನು? ಆದ್ದರಿಂದ ಎರಡು ಗಂಟೆ ಮೂತ್ರ ಕಟ್ಟಿಕೊಂಡು ಹೋಗಿ, ಮೊದಲ 20–30 ಮಿಲಿ ಮಾತ್ರ ಡಬ್ಬಿಗೆ ಹಿಡಿಯಿರಿ, ಎರಡೂ ರೋಗಾಣುಗಳ ಪಿಸಿಆರ್ ಮಾದರಿಯ ಪರೀಕ್ಷೆ ಕೇಳಿ. ಹನಿ ಬರುತ್ತಿದ್ದರೆ ಅದನ್ನೇ ಗಾಜಿನ ಪಟ್ಟಿಗೆ ಸವರಿ ನೋಡುವ ಗ್ರಾಮ್ ಸ್ಟೇನ್ ಅಂದೇ ಸುಳಿವು ಕೊಡುತ್ತದೆ: ಬಿಳಿ ರಕ್ತಕಣಗಳ ಒಳಗೆ ಜೋಡಿಜೋಡಿ ಕೆಂಪು ಕಾಳುಗಳು ಕಂಡರೆ ಗೊನೊರಿಯಾ. ಬರೀ ಬಿಳಿ ಕಣಗಳಿದ್ದರೆ ಕ್ಲಮಿಡಿಯಾ ಅಥವಾ ಅಂಥದ್ದೇ ಇನ್ನೊಂದು.

ಪರೀಕ್ಷೆಯಲ್ಲಿ ಗೊನೊರಿಯಾ ಇನ್ನೂ ಇದ್ದರೆ ಸೆಫ್ಟ್ರಿಯಾಕ್ಸೋನ್ 500 ಮಿಲಿಗ್ರಾಂ ಒಂದೇ ಇಂಜೆಕ್ಷನ್, ಸ್ನಾಯುವಿಗೆ. ಕ್ಲಮಿಡಿಯಾಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಸಲ, ಏಳು ದಿನ. ಮಾತ್ರೆಯನ್ನು ಒಂದು ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬೇಡಿ, ಇಲ್ಲದಿದ್ದರೆ ಅನ್ನನಾಳದಲ್ಲಿ ಸಿಕ್ಕಿ ಹುಣ್ಣು ಮಾಡುತ್ತದೆ. ಗ್ಯಾಸ್ಟ್ರಿಕ್‌ನ ಆಂಟಾಸಿಡ್ ಜೊತೆಯಲ್ಲಿ ಬೇಡ. ಮೂರನೇ ದಿನಕ್ಕೆ ಹನಿ ನಿಂತಿತೆಂದು ಬಿಟ್ಟರೆ ಮತ್ತೆ ಇದೇ ಪ್ರಶ್ನೆ ಬರೆಯುತ್ತೀರಿ.

ಇನ್ನು ನಿಮ್ಮ ಹೆಂಡತಿಯವರ ವಿಷಯ. ಗಂಡಸಿನಲ್ಲಿ ಸೋಂಕು ಕೂರುವುದು ಮೂತ್ರ ಹಾದುಹೋಗುವ ದಾರಿಯಲ್ಲೇ, ಅದಕ್ಕೇ ಉರಿದು ತಿಳಿಸುತ್ತದೆ. ಹೆಂಗಸರಲ್ಲಿ ಅದು ಮುಖ್ಯವಾಗಿ ಗರ್ಭಕೋಶದ ಕೊರಳಲ್ಲಿ ಕೂರುತ್ತದೆ. ಅಲ್ಲಿ ನೋವು ಅಷ್ಟಾಗಿ ತಿಳಿಯದು. ಕ್ಲಮಿಡಿಯಾ ತಗುಲಿದ ಹೆಚ್ಚಿನ ಹೆಂಗಸರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಸದ್ದಿಲ್ಲದೆ ಗರ್ಭನಾಳಕ್ಕೆ ಏರಿದರೆ ಅಲ್ಲಿ ಗಾಯದ ಕಲೆ ಕಟ್ಟಿ ಬಂಜೆತನ, ನಾಳದಲ್ಲೇ ಗರ್ಭ ನಿಲ್ಲುವುದು ಆಗಬಹುದು. ನೀವೊಬ್ಬರೇ ವಾಸಿಯಾಗಿ ಮತ್ತೆ ಸೇರಿದರೆ ಅದೇ ಸೋಂಕು ನಿಮಗೆ ವಾಪಸ್. ಅದಕ್ಕಾಗಿ ಸಂಪರ್ಕವಾದವರಿಗೆ ವರದಿ ಕಾಯದೆಯೇ ಔಷಧಿ ಕೊಡುತ್ತೇವೆ. ಮಾದರಿ ತೆಗೆದು ಅಂದೇ ಶುರು ಮಾಡಬಹುದು. ಅವರು ಗರ್ಭಿಣಿಯಾಗಿದ್ದರೆ, ಆಗಿರಬಹುದಾದರೂ, ಡಾಕ್ಟರ್‌ಗೆ ಮೊದಲೇ ಹೇಳಬೇಕು. ಆಗ ಡಾಕ್ಸಿಸೈಕ್ಲಿನ್ ಬದಲು ಅಜಿಥ್ರೊಮೈಸಿನ್ 1 ಗ್ರಾಂ ಒಂದೇ ಸಲ. ನಿಮ್ಮ ಪಾಲಿನ ಮಾತ್ರೆಯಲ್ಲಿ ಅರ್ಧ ಕೊಟ್ಟು ಸುಮ್ಮನಾಗುವುದು ಬೇಡ, ಇಬ್ಬರಿಗೂ ಅರೆ ಚಿಕಿತ್ಸೆಯಾಗುತ್ತದೆ.

ಇಬ್ಬರ ಕೋರ್ಸ್ ಮುಗಿಯುವವರೆಗೆ, ಇಂಜೆಕ್ಷನ್ ಅಥವಾ ಒಂದೇ ಸಲದ ಔಷಧಿ ಮಾತ್ರವಾಗಿದ್ದರೆ ಅಂದಿನಿಂದ ಏಳು ದಿನ, ಸಂಪರ್ಕ ಬೇಡ. ಕಳೆದ 60 ದಿನಗಳಲ್ಲಿ ಸೇರಿದ ಎಲ್ಲರಿಗೂ ತಿಳಿಸುವುದು ನಿಯಮ, ಹೊರಗಿನ ಆ ವ್ಯಕ್ತಿಯೂ ಸೇರಿ. ಮನೆಯಲ್ಲಿ ಹೇಗೆ ಹೇಳುವುದೆಂದು ತೋಚದಿದ್ದರೆ, ಜಿಲ್ಲಾಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ಆಪ್ತಸಮಾಲೋಚಕರಿರುತ್ತಾರೆ. ಚಿಕಿತ್ಸೆಯೂ ಉಚಿತ, ಮಾತು ಗುಟ್ಟಾಗಿರುತ್ತದೆ. ಅಲ್ಲೇ ಎಚ್‌ಐವಿ, ಸಿಫಿಲಿಸ್ ರಕ್ತಪರೀಕ್ಷೆಯನ್ನೂ ಮಾಡಿಸಿ. ಈಗ ನೆಗೆಟಿವ್ ಬಂದರೂ ಮೂರು ತಿಂಗಳಿಗೆ ಮತ್ತೊಮ್ಮೆ, ಜೊತೆಗೆ ಮೂತ್ರದ ಪರೀಕ್ಷೆಯೂ ಆಗಲಿ.

ಕೋರ್ಸ್ ಮುಗಿದ ಮೇಲೂ ಹನಿ ಬಂದರೆ ಮೆಡಿಕಲ್ ಶಾಪ್‌ಗೆ ಹೋಗಬೇಡಿ, ಕಲ್ಚರ್ ಮತ್ತು ಮೈಕೊಪ್ಲಾಸ್ಮಾ ಎಂಬ ಇನ್ನೊಂದು ರೋಗಾಣುವಿನ ಪರೀಕ್ಷೆ ಬೇಕಾಗುತ್ತದೆ. ಒಂದು ವೃಷಣ ಊದಿ ನೋವು, ಅಥವಾ ಜ್ವರದ ಜೊತೆ ಕೀಲು ಬಾವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.