ಟಾಪ್ ಲೋಡ್ ಯಂತ್ರಕ್ಕೆ ಗೀಸರ್ ನೀರು: ಪೈಪ್ ಕತ್ತರಿಸುವ ಮೊದಲು

ಪ್ರಶ್ನೆ: ನಮ್ಮ ಮನೆ ಬದಿಯಡ್ಕದ ಹತ್ತಿರ. ಏಳು ಕಿಲೋದ ಟಾಪ್ ಲೋಡ್ ಯಂತ್ರವಿದೆ. ಒಳಗೆ ಹೀಟರ್ ಇಲ್ಲ, ನೀರಿನ ಪೈಪ್ ಒಂದೇ. ಬಚ್ಚಲಿನ 15 ಲೀಟರ್ ಗೀಸರಿನಿಂದ ಲೈನ್ ಎಳೆದರೆ ಬಟ್ಟೆ ನಿಜವಾಗಿಯೂ ಹೆಚ್ಚು ಶುಭ್ರವಾಗುತ್ತದೆಯೇ?

ಕಾಲರಿನ ಜಿಡ್ಡು, ದಿಂಬಿನ ಹೊದಿಕೆ, ಬೆವರು ಹೀರಿದ ಬನಿಯನ್, ಇವುಗಳಲ್ಲಿ ವ್ಯತ್ಯಾಸ ಕಾಣುತ್ತದೆ. ತೋಟದ ಬಟ್ಟೆಗೆ ಹಿಡಿದ ಅಡಿಕೆಯ ಚೊಗರು, ಬಾಳೆಯ ಸೊನೆ ಇವು ಬಿಸಿನೀರಿಗೆ ಜಗ್ಗುವುದಿಲ್ಲ. ಆದರೆ ನಿಮ್ಮ ಮನೆಯ ಮಟ್ಟಿಗೆ ಮೊದಲು ಕೇಳಬೇಕಾದದ್ದು, ಆ ಗೀಸರಿನಿಂದ ಡ್ರಮ್ಮಿಗೆ ಎಷ್ಟು ಬಿಸಿ ತಲುಪುತ್ತದೆ ಎಂದು.

ನಾನು ಈ ಭಾಗದಲ್ಲಿ ಪ್ಲಂಬಿಂಗ್ ಕೆಲಸ ಮಾಡುತ್ತೇನೆ. ಇಂಥ ಲೈನ್ ಕೇಳಿದವರ ಮುಂದೆ ಮೊದಲು ಈ ಲೆಕ್ಕ ಇಡುತ್ತೇನೆ. ಏಳು ಕಿಲೋದ ಯಂತ್ರ ತುಂಬಿದಾಗ ಸುಮಾರು 50 ಲೀಟರ್ ನೀರು ಎಂದಿಟ್ಟುಕೊಳ್ಳಿ. ಟ್ಯಾಂಕಿನ ನೀರು 27 ಡಿಗ್ರಿ, ಗೀಸರಿನದು 60. ಹದಿನೈದು ಲೀಟರ್ ಬಿಸಿಗೆ ಮೂವತ್ತೈದು ಲೀಟರ್ ತಣ್ಣೀರು ಸೇರಿದರೆ ಸಿಗುವುದು 37 ಡಿಗ್ರಿ. ಅದೂ ಸಿಗುವುದಿಲ್ಲ. ಗೀಸರಿನಿಂದ ಬಿಸಿನೀರು ಹೊರಡುತ್ತಿದ್ದಂತೆಯೇ ಕೆಳಗಿನಿಂದ ತಣ್ಣೀರು ಒಳಗೆ ಬರುತ್ತದೆ, ಒಂದಷ್ಟು ಬಿಸಿ ಅದರ ಹೊಟ್ಟೆಯಲ್ಲೇ ಉಳಿಯುತ್ತದೆ. ಇತ್ತೀಚೆಗೆ ಪೆರ್ಲದ ಒಂದು ಮನೆಯಲ್ಲಿ ಡ್ರಮ್ಮಿಗೆ ಥರ್ಮಾಮೀಟರ್ ಇಳಿಸಿ ನೋಡಿದಾಗ 35ರ ಆಸುಪಾಸು ಇತ್ತು. ಬಟ್ಟೆ ಅರ್ಧ ಮಾಡಿ, ನೀರಿನ ಮಟ್ಟವನ್ನು 30 ಲೀಟರಿಗೆ ಇಳಿಸಿದ ಮೇಲೆ 41ಕ್ಕೆ ಏರಿತು. ಆ ಆರು ಡಿಗ್ರಿಯಲ್ಲೇ ಲಾಭವಿರುವುದು.

ಏಕೆಂದರೆ ಚರ್ಮದ ಜಿಡ್ಡು ಮೈಯ ಬಿಸಿಗಿಂತ ಮೇಲೆ ಹೋದಾಗ ಮೆತ್ತಗಾಗಿ ಎಳೆ ಬಿಡುತ್ತದೆ. ಸೋಪಿನ ಪುಡಿಯಲ್ಲಿರುವ ಎಂಜೈಮುಗಳೂ 40ರ ಹತ್ತಿರ ತಣ್ಣೀರಿಗಿಂತ ಚುರುಕಾಗಿ ಕೆಲಸ ಮಾಡುತ್ತವೆ. ಅವಕ್ಕೆ ಸಮಯ ಬೇಕು. ನೀರು ತುಂಬಿದ ಮೇಲೆ ಅರ್ಧ ಗಂಟೆ ನೆನೆಯಲು ಬಿಡದಿದ್ದರೆ ಬಿಸಿಮಾಡಿದ ವಿದ್ಯುತ್ತು ವ್ಯರ್ಥ. ತಲೆಗೆ ಹಚ್ಚಿದ ತೆಂಗಿನೆಣ್ಣೆ 25 ಡಿಗ್ರಿಯ ಹೊತ್ತಿಗೇ ಕರಗುವುದರಿಂದ ನಮ್ಮ ಊರಿನ ತಣ್ಣೀರಿನಲ್ಲೇ ಬಹುಪಾಲು ಹೋಗುತ್ತದೆ. ರಕ್ತ, ಹಾಲು, ಮೊಟ್ಟೆಯ ಕಲೆಗೆ ಮಾತ್ರ ಬಿಸಿನೀರು ಮೊದಲು ತಾಗಬಾರದು, ಕಲೆ ಗಟ್ಟಿಯಾಗಿ ಕೂರುತ್ತದೆ.

ಇನ್ನೊಂದು ಮಾತು ಕೊಳವೆಬಾವಿ ನೀರಿನ ಮನೆಯವರಿಗೆ. ಬಕೆಟಿನಲ್ಲಿ ರಾತ್ರಿಯಿಡೀ ಇಟ್ಟ ನೀರಿನ ತಳದಲ್ಲಿ ಕೆಂಪು ಕೂತರೆ ಅದರಲ್ಲಿ ಕಬ್ಬಿಣವಿದೆ. ಬಿಸಿ ಮಾಡಿದರೆ ಆ ಕೆಂಪು ನೀರಿನಿಂದ ಇನ್ನೂ ಬೇಗ ಬೇರ್ಪಟ್ಟು ಬಟ್ಟೆಗೆ ಹಿಡಿಯುತ್ತದೆ, ಬಿಳಿ ಪಂಚೆ ಹಳದಿಗೆ ತಿರುಗುತ್ತದೆ. ಅಂಥ ಮನೆಗೆ ನಾನು ಈ ಲೈನ್ ಮಾಡಿಸಬೇಡಿ ಎಂದೇ ಹೇಳುತ್ತೇನೆ.

ಆದರೂ ಹಾಕಿಸುವುದಾದರೆ, ಯಂತ್ರದ ಕೈಪಿಡಿಯಲ್ಲಿ ಒಳಬರುವ ನೀರಿನ ಗರಿಷ್ಠ ಉಷ್ಣತೆ ಎಷ್ಟೆಂದು ಓದಿ. ತಣ್ಣೀರಿಗೆಂದೇ ಮಾಡಿದ ವಾಲ್ವಿಗೆ 60 ಡಿಗ್ರಿಯ ನೀರು ಬಿಡಬಾರದು. ಬಿಸಿಲೈನಿಗೆ ಸಿಪಿವಿಸಿ ಪೈಪೇ ಆಗಬೇಕು, ಸಾಮಾನ್ಯ ಪಿವಿಸಿ ಮೆತ್ತಗಾಗಿ ಜಾಯಿಂಟ್ ಬಿಡುತ್ತದೆ. ನಿಮ್ಮದು ಒಂದೇ ಪೈಪಿನ ಯಂತ್ರವಾದ್ದರಿಂದ ಬಿಸಿ ಮತ್ತು ತಣ್ಣೀರಿನ ಲೈನುಗಳನ್ನು ಒಂದು ಟೀ ಜಾಯಿಂಟಿನಲ್ಲಿ ಸೇರಿಸಿ, ಎರಡಕ್ಕೂ ಬಾಲ್ ವಾಲ್ವ್ ಮತ್ತು ನಾನ್ ರಿಟರ್ನ್ ವಾಲ್ವ್ ಹಾಕಿಸಬೇಕು. ಈ ಎರಡನೆಯದನ್ನು ಖರ್ಚು ಉಳಿಸಲು ಬಿಟ್ಟುಬಿಡುತ್ತಾರೆ. ಆಗ ಯಂತ್ರ ನೀರು ಎಳೆಯದ ಹೊತ್ತಿನಲ್ಲಿ ಟೀಯ ಮೂಲಕ ಒಂದು ಲೈನಿನ ನೀರು ಇನ್ನೊಂದಕ್ಕೆ ನುಗ್ಗುತ್ತದೆ. ಬಚ್ಚಲಿನ ತಣ್ಣೀರಿನ ನಲ್ಲಿಯಲ್ಲಿ ಬೆಚ್ಚಗಿನ ನೀರು ಬಂದರೆ ಅದೇ ಕಾರಣ. ಒಗೆತದ ನೀರು ತುಂಬಿದೊಡನೆ ಬಿಸಿಯ ವಾಲ್ವ್ ಮುಚ್ಚಿ. ಜಾಲಾಡಲು ತಣ್ಣೀರೇ ಸಾಕು.

ಮೂರು ಲೀಟರಿನ ಇನ್‌ಸ್ಟಂಟ್ ಗೀಸರಿಗೆ ಜೋಡಿಸುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಯಂತ್ರ ನಿಮಿಷಕ್ಕೆ ಎಂಟು ಲೀಟರ್ ಎಳೆದರೆ ಮೂರು ಕಿಲೋವಾಟಿನ ಕಾಯಿಲು ಅದನ್ನು ಐದಾರು ಡಿಗ್ರಿ ಮಾತ್ರ ಏರಿಸಬಲ್ಲದು.

ನನ್ನ ಸಲಹೆ ಕೇಳಿದರೆ, ಒಂದು ತಿಂಗಳು ಪೈಪಿಲ್ಲದೆ ನೋಡಿ. ಟಾಪ್ ಲೋಡಿನ ಅನುಕೂಲವೇ ಅದು, ಮುಚ್ಚಳ ತೆಗೆದು ಮೇಲಿನಿಂದ ನೀರು ಸುರಿಯಬಹುದು. ಯಂತ್ರ ಬಟ್ಟೆಯ ತೂಕ ನೋಡಿ ಮುಗಿಸಲಿ, ನೀರಿನ ಮಟ್ಟವನ್ನು ನೀವೇ ಕಡಿಮೆಗೆ ಇರಿಸಿ, ಆಮೇಲೆ ಒಂದು ಬಕೆಟ್ ಬಿಸಿನೀರು ಹಾಕಿ. ಒಳಗಿನ ಮಟ್ಟ ತಿಳಿಯುವ ಸೆನ್ಸರ್ ಉಳಿದಷ್ಟನ್ನು ಮಾತ್ರ ತುಂಬಿಸಿಕೊಳ್ಳುತ್ತದೆ. ಬಚ್ಚಲಿನಲ್ಲಿ ಅಡಿಕೆ ಸಿಪ್ಪೆಯ ಒಲೆಯ ಮೇಲೆ ಹಂಡೆಯಿದ್ದರೆ ವಿದ್ಯುತ್ತಿನ ಖರ್ಚೂ ಇಲ್ಲ. ಹಂಡೆಯ ನೀರು ಕುದಿಯುತ್ತಿದ್ದರೆ ತಣ್ಣೀರು ಬೆರೆಸಿ 60ಕ್ಕಿಂತ ಕೆಳಗೆ ತಂದು ಸುರಿಯಿರಿ. ಒಂದೇ ಬಗೆಯ ಎರಡು ಅಂಗಿಗಳಲ್ಲಿ ಒಂದನ್ನು ಬಿಸಿನೀರು ಹಾಕಿದ ಸರದಿಯಲ್ಲಿ, ಇನ್ನೊಂದನ್ನು ತಣ್ಣೀರಿನ ಸರದಿಯಲ್ಲಿ ಒಗೆದು, ಒಣಗಿದ ಮೇಲೆ ಕಾಲರ್ ಹೋಲಿಸಿ ನೋಡಿ. ವ್ಯತ್ಯಾಸ ಕಣ್ಣಿಗೆ ಕಂಡರೆ ಪ್ಲಂಬರನ್ನು ಕರೆಯಿರಿ.